ಮಕ್ಕಳ ನಿರ್ಜಲೀಕರಣ: ಒಂದು ಪರೀಕ್ಷಾ ಪ್ರಶ್ನೆಯ ವಿವೇಚನೆ

ವೈದ್ಯಕೀಯ ಪದವಿಯ ಅಂತಿಮ ಪರೀಕ್ಷೆಗಳಲ್ಲಿಯೂ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಳಲ್ಲಿಯೂ ಮಕ್ಕಳ ತುರ್ತು ಚಿಕಿತ್ಸೆಗೆ ಸಂಬಂಧಿಸಿದ ಒಂದು ಬಗೆಯ ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ವಾಂತಿಭೇದಿಯಿಂದ ಬಳಲಿದ ಮಗುವಿನ ವಯಸ್ಸು, ತೂಕ ಹಾಗೂ ಕೆಲವು ಲಕ್ಷಣಗಳನ್ನು ನಾಲ್ಕೈದು ಸಾಲುಗಳಲ್ಲಿ ಹೇಳಿ, ಯಾವ ದ್ರವವನ್ನು, ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತಿನೊಳಗೆ ಕೊಡಬೇಕೆಂದು ಕೇಳಲಾಗುತ್ತದೆ. ಮೇಲುನೋಟಕ್ಕೆ ಇದು ನೆನಪಿನ ಪರೀಕ್ಷೆಯೆನಿಸುತ್ತದೆ. ಆದರೆ ಅಂಕಿಗಳನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ ಇಲ್ಲಿ ತಪ್ಪುವುದುಂಟು. ಅದಕ್ಕೆ ಕಾರಣ ಮರೆವಲ್ಲ. ಮಗುವನ್ನು ಕುರಿತ ಒಂದು ಸಾಲನ್ನು ಗಮನಿಸದೆ ಮುಂದೆ ಸಾಗುವುದು. ಆ ಒಂದು ಸಾಲು ಬದಲಾದರೆ ಉತ್ತರವೂ ಬದಲಾಗುತ್ತದೆ ಎಂಬುದನ್ನು ಒಂದೇ ಪ್ರಶ್ನೆಯ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ.

ಪ್ರಶ್ನೆಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ಅಬ್ಬಿಗೆರೆಯ ಕಾರ್ಖಾನೆ ಕೆಲಸಗಾರರೊಬ್ಬರ 14 ತಿಂಗಳ ಮಗುವಿಗೆ ಎರಡು ದಿನಗಳಿಂದ ನೀರಿನಂತಹ ಭೇದಿಯಾಗುತ್ತಿದೆ, ಮಲದಲ್ಲಿ ರಕ್ತವಿಲ್ಲ. ಮಗುವಿನ ತೂಕ 10 ಕಿಲೋಗ್ರಾಂ. ಅದು ಸಮಾಧಾನವಿಲ್ಲದೆ ಕಿರಿಕಿರಿ ಮಾಡುತ್ತಿದೆ. ಕಣ್ಣುಗಳು ಗುಳಿಬಿದ್ದಿವೆ. ನೀರಿನ ಲೋಟವನ್ನು ಹಿಡಿದರೆ ಆತುರದಿಂದ ಕುಡಿಯುತ್ತದೆ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಸಮವಾಗುತ್ತದೆ. ಕೊಟ್ಟಿರುವ ಆಯ್ಕೆಗಳು ನಾಲ್ಕು: ಮಗುವನ್ನು ಮನೆಗೆ ಕಳುಹಿಸಿ ಗಂಜಿ, ಮಜ್ಜಿಗೆ, ಓ.ಆರ್.ಎಸ್. ಕೊಡಲು ಹೇಳುವುದು, ಆರೋಗ್ಯ ಕೇಂದ್ರದಲ್ಲಿಯೇ ಇರಿಸಿಕೊಂಡು 750 ಮಿಲಿಲೀಟರ್ ಓ.ಆರ್.ಎಸ್. ದ್ರಾವಣವನ್ನು ನಾಲ್ಕು ಗಂಟೆಗಳಲ್ಲಿ ಕುಡಿಸುವುದು. 1000 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ ದ್ರವವನ್ನು ರಕ್ತನಾಳದ ಮೂಲಕ ಮೂರು ಗಂಟೆಗಳಲ್ಲಿ ಕೊಡುವುದು. ಶೇಕಡಾ 5ರ ಡೆಕ್ಸ್‌ಟ್ರೋಸ್ ದ್ರವವನ್ನು ರಕ್ತನಾಳಕ್ಕೆ ಏರಿಸುವುದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ಇಲ್ಲಿ ನೋಡಬೇಕಾದ ಲಕ್ಷಣಗಳು ನಾಲ್ಕು ಮಾತ್ರ: ಮಗುವಿನ ಎಚ್ಚರದ ಸ್ಥಿತಿ, ಕಣ್ಣು, ಕುಡಿಯುವ ರೀತಿ ಮತ್ತು ಚಿವುಟಿದ ಚರ್ಮದ ವರ್ತನೆ. ಮಗು ಕಿರಿಕಿರಿ ಮಾಡುವುದು, ಕಣ್ಣು ಗುಳಿಬೀಳುವುದು, ಬಾಯಾರಿ ಆತುರದಿಂದ ಕುಡಿಯುವುದು, ಚರ್ಮ ನಿಧಾನವಾಗಿ ಮರಳುವುದು ಇವುಗಳಲ್ಲಿ ಯಾವುದಾದರೂ ಎರಡು ಕಂಡುಬಂದರೆ ಅದು ಮಧ್ಯಮ ಪ್ರಮಾಣದ ನಿರ್ಜಲೀಕರಣ. ಮಗು ಮಂಪರಿನಲ್ಲಿರುವುದು ಅಥವಾ ಪ್ರಜ್ಞೆ ತಪ್ಪಿರುವುದು, ಕಣ್ಣು ಗುಳಿಬೀಳುವುದು, ಕುಡಿಯಲಾರದೆ ಹೋಗುವುದು, ಚರ್ಮ ಮರಳಲು ಎರಡು ಸೆಕೆಂಡುಗಳಿಗಿಂತ ಹೆಚ್ಚು ಹಿಡಿಯುವುದು ಇವುಗಳಲ್ಲಿ ಎರಡು ಕಂಡುಬಂದರೆ ಅದು ತೀವ್ರ ನಿರ್ಜಲೀಕರಣ. ಗುಳಿಬಿದ್ದ ಕಣ್ಣು ಎರಡು ಪಟ್ಟಿಗಳಲ್ಲಿಯೂ ಇರುವುದರಿಂದ ಅದೊಂದರಿಂದಲೇ ಮಟ್ಟವನ್ನು ನಿರ್ಧರಿಸಲಾಗದು. ನಿರ್ಣಯವನ್ನು ಉಳಿದ ಮೂರು ಲಕ್ಷಣಗಳು ಮಾಡುತ್ತವೆ.

ಚರ್ಮವನ್ನು ಚಿವುಟುವುದಕ್ಕೂ ಒಂದು ಕ್ರಮವಿದೆ. ಮಗುವನ್ನು ಅಂಗಾತ ಮಲಗಿಸಿ, ಹೊಕ್ಕುಳಿಗೂ ಹೊಟ್ಟೆಯ ಪಕ್ಕಕ್ಕೂ ನಡುವಣ ಜಾಗದಲ್ಲಿ, ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಚರ್ಮವನ್ನು ಹಿಡಿದೆತ್ತಬೇಕು. ಉಗುರಿನ ತುದಿಯನ್ನು ಬಳಸಬಾರದು. ಮಡಿಕೆಯು ದೇಹದ ಉದ್ದಕ್ಕೆ ಸಮಾನಾಂತರವಾಗಿರಬೇಕು, ಅಡ್ಡಲಾಗಿರಬಾರದು. ಒಂದು ಸೆಕೆಂಡು ಹಿಡಿದು ಬಿಟ್ಟು, ಅದು ಮರಳುವುದನ್ನು ನೋಡಬೇಕು. ಅಡ್ಡವಾಗಿ ಹಿಡಿದ ಮಡಿಕೆ, ಅಥವಾ ಕೇವಲ ಮೇಲ್ಪದರವನ್ನು ಹಿಡಿದ ಮಡಿಕೆ ಸುಳ್ಳು ಸೂಚನೆಯನ್ನು ಕೊಡಬಲ್ಲದು.

ಮೇಲಿನ ಮಗುವಿನಲ್ಲಿ ಮಧ್ಯಮ ನಿರ್ಜಲೀಕರಣದ ನಾಲ್ಕೂ ಲಕ್ಷಣಗಳಿವೆ. ತೀವ್ರ ಸ್ಥಿತಿಯನ್ನು ಸೂಚಿಸುವ ಮಂಪರಾಗಲಿ ಕುಡಿಯಲಾರದ ಸ್ಥಿತಿಯಾಗಲಿ ಇಲ್ಲ. ಆದುದರಿಂದ ಸರಿಯಾದ ಉತ್ತರ ಎರಡನೆಯದು. ಇಂತಹ ಸ್ಥಿತಿಯಲ್ಲಿ ಮಗು ತನ್ನ ತೂಕದ ಶೇಕಡಾ 5ರಿಂದ 10ರಷ್ಟನ್ನು, ಅಂದರೆ ಪ್ರತಿ ಕಿಲೋಗ್ರಾಂಗೆ 50ರಿಂದ 100 ಮಿಲಿಲೀಟರ್ ದ್ರವವನ್ನು, ಕಳೆದುಕೊಂಡಿರುತ್ತದೆ. ಇವೆರಡರ ನಡುವಣ 75ನ್ನು ತೂಕದಿಂದ ಗುಣಿಸಿದರೆ 750 ಮಿಲಿಲೀಟರ್ ಆಗುತ್ತದೆ. ಇದನ್ನು ಲೋಟದಿಂದ ಗುಟುಕು ಗುಟುಕಾಗಿ ಅಥವಾ ಚಮಚದಿಂದ ಕುಡಿಸುತ್ತ ಹೋಗಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಮುಂದುವರಿಸಬೇಕು. ವಾಂತಿಯಾಯಿತೆಂಬ ಒಂದೇ ಕಾರಣಕ್ಕೆ ಡ್ರಿಪ್ಪಿನ ಉತ್ತರವನ್ನು ಆರಿಸುವುದು ಸಾಮಾನ್ಯವಾದ ತಪ್ಪು. ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ.

ಕುಡಿಸಿದ ದ್ರಾವಣವು ಭೇದಿಯ ನಡುವೆಯೂ ದೇಹವನ್ನು ಸೇರುವುದಕ್ಕೆ ಕಾರಣವಿದೆ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಹೀರಲ್ಪಡುತ್ತವೆ. ಅವುಗಳ ಹಿಂದೆಯೇ ನೀರೂ ಸಾಗುತ್ತದೆ. ಸಾಮಾನ್ಯವಾದ ನೀರುಭೇದಿಗಳಲ್ಲಿ ಈ ಮಾರ್ಗವು ಬಹುಮಟ್ಟಿಗೆ ಕೆಡದೆ ಉಳಿದಿರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಕುಡಿಸುವ ದ್ರಾವಣವನ್ನೇ ವ್ಯಾಪಕವಾಗಿ ಬಳಸಿ ಇದನ್ನು ಕಾರ್ಯತಃ ತೋರಿಸಿಕೊಟ್ಟರು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದ್ರಾವಣದ ಸಾಂದ್ರತೆಯನ್ನು ತಗ್ಗಿಸಿತು. ಈಗಿನ ಒಂದು ಲೀಟರ್ ದ್ರಾವಣದಲ್ಲಿ ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75 ಮಿಲಿಮೋಲ್ ಇರುತ್ತವೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿನಲ್ಲಿ ಕದಡಿದರೆ ಈ ಅನುಪಾತವೇ ಕೆಟ್ಟು, ಅತಿಯಾದ ಲವಣವು ಮಗುವಿಗೆ ಅಪಾಯವನ್ನು ತರುತ್ತದೆ.

ಈಗ ಪ್ರಶ್ನೆಯ ಒಂದು ಸಾಲನ್ನು ಬದಲಿಸೋಣ. ಅದೇ ವಯಸ್ಸು, ಅದೇ ತೂಕ. ಆದರೆ ಮಗು ಮಂಪರಿನಲ್ಲಿದೆ, ಚಮಚದಿಂದ ಹಾಕಿದ ನೀರು ಕಟವಾಯಿಯಿಂದ ಹೊರಗೆ ಹರಿಯುತ್ತದೆ. ಇದು ತೀವ್ರ ನಿರ್ಜಲೀಕರಣ. ಆಗ ಮೂರನೆಯ ಆಯ್ಕೆ ಸರಿಯಾಗುತ್ತದೆ. ಪ್ರತಿ ಕಿಲೋಗ್ರಾಂಗೆ 100 ಮಿಲಿಲೀಟರಿನಂತೆ ಒಟ್ಟು 1000 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ ಬೇಕು. ಅದರಲ್ಲಿ ಮೊದಲ 300 ಮಿಲಿಲೀಟರನ್ನು 30 ನಿಮಿಷಗಳಲ್ಲಿಯೂ, ಉಳಿದ 700 ಮಿಲಿಲೀಟರನ್ನು ಮುಂದಿನ ಎರಡೂವರೆ ಗಂಟೆಗಳಲ್ಲಿಯೂ ಕೊಡಬೇಕು. ಮಗುವಿನ ವಯಸ್ಸು 14 ತಿಂಗಳಿಗೆ ಬದಲಾಗಿ 11 ತಿಂಗಳೆಂದಿದ್ದರೆ ಪ್ರಮಾಣ ಬದಲಾಗದು, ಕಾಲ ಬದಲಾಗುತ್ತದೆ: 300 ಮಿಲಿಲೀಟರಿಗೆ ಒಂದು ಗಂಟೆ, 700 ಮಿಲಿಲೀಟರಿಗೆ ಐದು ಗಂಟೆ. ಒಂದು ವರ್ಷದ ಗಡಿಯ ಆಚೀಚೆ ವಯಸ್ಸನ್ನು ಇಟ್ಟು ಪ್ರಶ್ನೆ ರಚಿಸುವವರು ಪರೀಕ್ಷಿಸುವುದು ಇದನ್ನೇ. ರಕ್ತನಾಳ ಸಿಗದಿದ್ದು, ಅರ್ಧ ಗಂಟೆಯ ದೂರದಲ್ಲಿ ದೊಡ್ಡ ಆಸ್ಪತ್ರೆಯೂ ಇಲ್ಲವೆಂದು ಪ್ರಶ್ನೆಯು ಹೇಳಿದ್ದರೆ, ಮೂಗಿನ ಕೊಳವೆಯ ಮೂಲಕ ಪ್ರತಿ ಕಿಲೋಗ್ರಾಂಗೆ ಗಂಟೆಗೆ 20 ಮಿಲಿಲೀಟರಿನಂತೆ ಆರು ಗಂಟೆಗಳ ಕಾಲ ಓ.ಆರ್.ಎಸ್. ಕೊಡುವುದೇ ಉತ್ತರ.

ನಾಲ್ಕನೆಯ ಆಯ್ಕೆಯು ಯಾವ ಮಟ್ಟದಲ್ಲಿಯೂ ಸರಿಯಲ್ಲವೇಕೆ? ನಮ್ಮ ಜನರ ಮಾತಿನಲ್ಲಿ ಡ್ರಿಪ್ಪೆಂದರೆ ‘ಗ್ಲೂಕೋಸ್ ಹಾಕಿಸುವುದು’. ಈ ಮಾತಿನ ಅಭ್ಯಾಸವೇ ಕೆಲವೊಮ್ಮೆ ಉತ್ತರಪತ್ರಿಕೆಗೂ ನುಸುಳುತ್ತದೆ. ಶೇಕಡಾ 5ರ ಡೆಕ್ಸ್‌ಟ್ರೋಸಿನಲ್ಲಿ ಸೋಡಿಯಂ ಇಲ್ಲ. ಅದರಲ್ಲಿನ ಸಕ್ಕರೆಯನ್ನು ದೇಹವು ಬಳಸಿಕೊಂಡ ಮೇಲೆ ಉಳಿಯುವುದು ಬರಿಯ ನೀರು. ಆ ನೀರಿನ ಬಹುಪಾಲು ರಕ್ತನಾಳದಲ್ಲಿ ನಿಲ್ಲದೆ ಜೀವಕೋಶಗಳ ಒಳಗೆ ಸೇರುತ್ತದೆ. ನಾಡಿ ಸುಧಾರಿಸದು, ಮೇಲಾಗಿ ಭೇದಿಯಲ್ಲಿ ಸೋಡಿಯಂ ಕಳೆದುಕೊಂಡ ಮಗುವಿನ ರಕ್ತದಲ್ಲಿ ಅದು ಇನ್ನಷ್ಟು ಕುಸಿದು, ಮೆದುಳು ಊದಿ, ಸೆಳವು ಬರಬಹುದು. ರಿಂಗರ್ ಲ್ಯಾಕ್ಟೇಟಿನ ಒಂದು ಲೀಟರಿನಲ್ಲಿ ಸುಮಾರು 130 ಮಿಲಿಮೋಲ್ ಸೋಡಿಯಂ ಇರುವುದರಿಂದ ಅದು ರಕ್ತದ ಪರಿಮಾಣವನ್ನು ತುಂಬಿಕೊಡುತ್ತದೆ. ಅದು ದೊರೆಯದಿದ್ದರೆ ನಾರ್ಮಲ್ ಸಲೈನ್ ಬಳಸಬಹುದು.

ಪ್ರಶ್ನೆಯಲ್ಲಿ ಇನ್ನೂ ಒಂದು ಬದಲಾವಣೆ ಸಾಧ್ಯ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅದೇ 14 ತಿಂಗಳ ಮಗು. ಕಿರಿಕಿರಿ, ಗುಳಿಬಿದ್ದ ಕಣ್ಣು, ನಿಧಾನವಾಗಿ ಮರಳುವ ಚರ್ಮ ಮೊದಲಿನಂತೆಯೇ ಇವೆ. ಆದರೆ ತೂಕ 6 ಕಿಲೋಗ್ರಾಂ, ತೋಳಿನ ನಡುಭಾಗದ ಸುತ್ತಳತೆ 108 ಮಿಲಿಮೀಟರ್. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಅಳತೆ 115 ಮಿಲಿಮೀಟರಿಗಿಂತ ಕಡಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇಂತಹ ಮಗುವಿನ ಚರ್ಮದಡಿಯ ಕೊಬ್ಬು ಕರಗಿಹೋಗಿರುವುದರಿಂದ, ನೀರಿನ ಕೊರತೆಯಿಲ್ಲದಿದ್ದರೂ ಚಿವುಟಿದ ಮಡಿಕೆ ಹಾಗೆಯೇ ನಿಲ್ಲಬಹುದು; ಕಣ್ಣಿನ ಹಿಂದಣ ಕೊಬ್ಬು ಕರಗಿ ಕಣ್ಣು ಗುಳಿಬಿದ್ದಿರಬಹುದು. ಬಾವು ಬಂದ ಮಗುವಿನಲ್ಲಿ ಇದಕ್ಕೆ ವಿರುದ್ಧವಾಗಿ, ನಿರ್ಜಲೀಕರಣವಿದ್ದರೂ ಲಕ್ಷಣಗಳು ಮರೆಯಾಗಿರಬಹುದು. ಆದುದರಿಂದ ನೀರುಭೇದಿ ಎಂದಿನಿಂದ ಆಗುತ್ತಿದೆ, ಕಣ್ಣು ಗುಳಿಬಿದ್ದದ್ದು ಈ ಎರಡು ದಿನಗಳಲ್ಲಿಯೇ ಅಥವಾ ಮೊದಲಿನಿಂದಲೂ ಹಾಗೆಯೇ ಇತ್ತೆ ಎಂದು ತಾಯಿಯನ್ನು ಕೇಳಿ ತಿಳಿಯುವುದು ಇಲ್ಲಿ ಕೈಬೆರಳಿನ ಪರೀಕ್ಷೆಗಿಂತ ಹೆಚ್ಚು ನಂಬಿಕೆಗೆ ಅರ್ಹವಾದುದು.

ಈ ಮಗುವಿಗೆ ಹಳೆಯ ಲೆಕ್ಕದಂತೆ ಪ್ರತಿ ಕಿಲೋಗ್ರಾಂಗೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ 450 ಮಿಲಿಲೀಟರ್ ಕುಡಿಸಿದರೆ ಹಾನಿಯಾಗಬಹುದು. ಅದರ ಹೃದಯ ದುರ್ಬಲವಾಗಿರುತ್ತದೆ. ದೇಹದಲ್ಲಿ ಸೋಡಿಯಂ ಹೆಚ್ಚಾಗಿಯೂ ಪೊಟಾಸಿಯಂ ಕಡಮೆಯಾಗಿಯೂ ಇರುತ್ತದೆ. ಆದ್ದರಿಂದ ಸೋಡಿಯಂ ಕಡಮೆಯಿದ್ದು ಪೊಟಾಸಿಯಂ ಹೆಚ್ಚಿರುವ ‘ರೆಸೊಮಾಲ್’ ದ್ರಾವಣವನ್ನು, ಅಥವಾ ಅದು ದೊರೆಯದಲ್ಲಿ ಪೊಟಾಸಿಯಂ ಸೇರಿಸಿದ ಓ.ಆರ್.ಎಸ್. ದ್ರಾವಣವನ್ನು, ಪ್ರತಿ ಕಿಲೋಗ್ರಾಂಗೆ 5 ಮಿಲಿಲೀಟರಿನಂತೆ ಅರ್ಧ ಗಂಟೆಗೊಮ್ಮೆ, ಮೊದಲ ಎರಡು ಗಂಟೆಗಳ ಕಾಲ ಕೊಡಲಾಗುತ್ತದೆ. ಅಂದರೆ ಸಲಕ್ಕೆ 30 ಮಿಲಿಲೀಟರ್, ನಾಲ್ಕು ಸಲಕ್ಕೆ 120 ಮಿಲಿಲೀಟರ್ ಮಾತ್ರ. ಕೈಕಾಲು ತಣ್ಣಗಾಗಿ, ನಾಡಿ ಕ್ಷೀಣವಾಗಿ ವೇಗದಿಂದ ಬಡಿಯುವ ಆಘಾತದ ಸ್ಥಿತಿಯಲ್ಲಿ ಮಾತ್ರ ಡ್ರಿಪ್ಪಿಗೆ ಅವಕಾಶವುಂಟು. ಅದೂ ಗಂಟೆಗೆ ಪ್ರತಿ ಕಿಲೋಗ್ರಾಂಗೆ 15 ಮಿಲಿಲೀಟರಿನಂತೆ, ಈ ಮಗುವಿಗೆ 90 ಮಿಲಿಲೀಟರ್. ಚಿಕಿತ್ಸೆ ನಡೆಯುತ್ತಿರುವಾಗ ಉಸಿರಾಟ ಮತ್ತು ನಾಡಿಬಡಿತ ಎರಡೂ ಏರುತ್ತ ಹೋದರೆ, ಯಕೃತ್ತು ದೊಡ್ಡದಾದರೆ, ದ್ರವ ಅತಿಯಾಯಿತೆಂದು ತಿಳಿದು ಕೂಡಲೇ ನಿಲ್ಲಿಸಬೇಕು.

ಕೆಲವು ಪ್ರಶ್ನೆಗಳು ಕಥೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತವೆ: ಮೊದಲಿನ 10 ಕಿಲೋಗ್ರಾಂ ತೂಕದ ಮಗು ನಾಲ್ಕು ಗಂಟೆಗಳಲ್ಲಿ 750 ಮಿಲಿಲೀಟರನ್ನೂ ಕುಡಿದು ಮುಗಿಸಿದೆ, ಮುಂದೇನು? ಇಲ್ಲಿ ಹೊಸ ದ್ರವವನ್ನು ಹೆಸರಿಸುವ ಆಯ್ಕೆಗಳೆಲ್ಲ ತಪ್ಪು. ಅದೇ ನಾಲ್ಕು ಲಕ್ಷಣಗಳನ್ನು ಮತ್ತೊಮ್ಮೆ ನೋಡಿ ಮಟ್ಟವನ್ನು ಹೊಸದಾಗಿ ನಿರ್ಧರಿಸುವುದೇ ಮುಂದಿನ ಹೆಜ್ಜೆ. ಕಿರಿಕಿರಿ ಅಡಗಿ, ಬಾಯಾರಿಕೆ ತೀರಿ, ಚರ್ಮ ಕೂಡಲೇ ಮರಳುತ್ತಿದ್ದರೆ ಮಗು ಮನೆಗೆ ಹೋಗಬಹುದು. ಆಗ, ಮೊದಲು ತಪ್ಪಾಗಿದ್ದ ಒಂದನೆಯ ಆಯ್ಕೆಯೇ ಸರಿಯಾಗುತ್ತದೆ: ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್ ಓ.ಆರ್.ಎಸ್., ಎಂದಿನ ಆಹಾರ, ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಸತುವು ಹದಿನಾಲ್ಕು ದಿನ.