‘ಗೊತ್ತು’, ‘ಬೇಕು’ ಮತ್ತು ಇಂಗ್ಲಿಷಿನ ‘ಇಂಗ್’

ಕಳೆದ ವರ್ಷ ರಜೆ ಕೇಳಿ ಬರೆದ ಅರ್ಜಿಯಲ್ಲಿ ನಾನು, ‘ಐ ಆಮ್ ನೋಯಿಂಗ್ ದ ರೂಲ್ಸ್, ಬಟ್ ಐ ಆಮ್ ವಾಂಟಿಂಗ್ ಟೂ ಡೇಸ್ ಲೀವ್’ ಎಂದಿದ್ದೆ. ಇಂಗ್ಲಿಷ್ ಅಧ್ಯಾಪಕರು ಎರಡು ‘ಇಂಗ್’ಗಳಿಗೂ ಕೆಂಪು ಶಾಯಿಯ ಗೆರೆ ಎಳೆದು, “ಇದನ್ನೇ ಕನ್ನಡದಲ್ಲಿ ಹೇಳಿ, ನೋಡೋಣ” ಎಂದರು.

“ನಿಯಮಗಳು ನನಗೆ ಗೊತ್ತು ಸಾರ್, ಆದರೆ ಎರಡು ದಿನ ರಜೆ ಬೇಕು” ಎಂದೆ.

“ಇದರಲ್ಲಿ ‘ಉತ್ತಿದ್ದೇನೆ’ ಎಲ್ಲಿದೆ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ರಜೆಯೇನೋ ಸಿಕ್ಕಿತು, ಪ್ರಶ್ನೆಯೂ ನನ್ನೊಡನೆ ಊರಿಗೆ ಬಂದಿತು.

ನನ್ನ ತಪ್ಪಿನ ಮೂಲ ಹಳೆಯ ಪಾಠದಲ್ಲಿತ್ತು. ‘ಓದುತ್ತಿದ್ದೇನೆ’ ಎಂದರೆ ‘ಐ ಆಮ್ ರೀಡಿಂಗ್’. ‘ಈಗ’ ಎಂಬ ಅರ್ಥವಿದ್ದರೆ ‘ಇಂಗ್’ ಹಚ್ಚಬೇಕು ಎಂದು ಬಾಯಿಪಾಠ ಮಾಡಿದ್ದೆ. ಗೊತ್ತಿರುವುದೂ ಈಗಲೇ, ಬೇಕಾಗಿರುವುದೂ ಈಗಲೇ. ಆದ್ದರಿಂದ ಅವಕ್ಕೂ ಹಚ್ಚಿದೆ. ಆದರೆ ಆ ರೂಪ ಹೇಳುವುದು ‘ಈಗ’ ಎಂಬುದನ್ನು ಮಾತ್ರವಲ್ಲ. ಕೆಲಸವೊಂದು ನಡುವಿನಲ್ಲಿದೆ, ಇನ್ನೂ ಸಾಗುತ್ತಿದೆ ಎಂಬುದನ್ನು.

ಪತ್ರ ಬರೆಯುವುದನ್ನು ನೋಡಿ. ಮೊದಲ ಸಾಲು, ನಡುವಿನ ಸಾಲುಗಳು, ಕೊನೆಗೆ ರುಜು. ಅರ್ಧದಲ್ಲಿ ನಿಲ್ಲಿಸಿ ಊಟಕ್ಕೆ ಏಳಬಹುದು. ‘ಗೊತ್ತು’ ಎಂಬುದಕ್ಕೆ ಇಂಥ ನಡುವಿಲ್ಲ. ಬೆಳಗಿನಿಂದ ಗೊತ್ತಿರುವ ಸಂಗತಿ ಯಾವ ನಿಮಿಷದಲ್ಲಿ ನೋಡಿದರೂ ಅಷ್ಟೇ ಗೊತ್ತಿರುತ್ತದೆ. ಅದು ಕೆಲಸವಲ್ಲ, ಸ್ಥಿತಿ. ‘ಏನು ಮಾಡುತ್ತಿದ್ದೀರಿ?’ ಎಂದು ಕೇಳಿದರೆ ‘ಬರೆಯುತ್ತಿದ್ದೇನೆ’ ಎನ್ನಬಹುದು; ‘ನನಗೆ ಗೊತ್ತು’ ಎಂದರೆ ಕೇಳಿದವರು ನಗುತ್ತಾರೆ. ಈ ಒಂದು ಪ್ರಶ್ನೆಯೇ ಒಳ್ಳೆಯ ಒರೆಗಲ್ಲು.

ಹಾಗೆಂದು ಇಂಥ ಕ್ರಿಯಾಪದಗಳ ಪಟ್ಟಿಯನ್ನು ಉರುಹೊಡೆದರೆ ಸಾಲದು. ಪದ ಒಂದೇ ಇದ್ದರೂ ಅರ್ಥ ಎರಡಿರಬಹುದು. ‘ಐ ಥಿಂಕ್ ಹಿ ಈಸ್ ರೈಟ್’ ಎಂಬುದು ನನ್ನ ಅಭಿಪ್ರಾಯ, ಸ್ಥಿತಿ. ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಎಂಬುದು ತಲೆಯೊಳಗೆ ಸಾಗಿರುವ ಆಲೋಚನೆ, ಕೆಲಸ. ‘ಐ ಆಮ್ ಹ್ಯಾವಿಂಗ್ ಮೈ ಲಂಚ್’ ಸರಿ, ಏಕೆಂದರೆ ಅದು ಉಣ್ಣುವುದು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು, ಏಕೆಂದರೆ ತಮ್ಮಂದಿರು ಇದ್ದಾರೆ, ಅಷ್ಟೆ.

ಕನ್ನಡದಲ್ಲಿ ‘ಗೊತ್ತಾಗುತ್ತಿದೆ’ ಎನ್ನುವುದಿಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಎನ್ನುತ್ತೇವೆ, ಆದರೆ ಅಲ್ಲಿ ಸಾಗುತ್ತಿರುವುದು ‘ಆಗು’, ಅಂದರೆ ಬದಲಾವಣೆ. ಇಂಗ್ಲಿಷಿನಲ್ಲಿಯೂ ಬದಲಾವಣೆ ಕಂಡರೆ ಬಾಗಿಲು ತೆರೆಯುತ್ತದೆ: ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್ ಇಟ್ ಬೆಟರ್ ಎವೆರಿ ಡೇ’ ಎಂಬ ವಾಕ್ಯ ಸಲ್ಲುತ್ತದೆ. ಆದರೆ ‘ನೋ’ ಎಂಬುದು ಇಲ್ಲಿಯೂ ಬಗ್ಗದು. ‘ಐ ಆಮ್ ಗೆಟಿಂಗ್ ಟು ನೋ ಹಿಮ್’ ಎಂದು ‘ಆಗು’ವಿನ ಕೆಲಸಕ್ಕೆ ಬೇರೊಂದು ಪದವನ್ನು ಕರೆಯಬೇಕು.

ಈ ವರ್ಷದ ಅರ್ಜಿಯಲ್ಲಿ ‘ಐ ನೋ ದ ರೂಲ್ಸ್, ಬಟ್ ಐ ವಾಂಟ್ ಟೂ ಡೇಸ್ ಲೀವ್’ ಎಂದು ಬರೆದೆ. ಗೆರೆ ಬೀಳಲಿಲ್ಲ. ರಜೆ ಮಾತ್ರ ಒಂದೇ ದಿನ ಸಿಕ್ಕಿತು.