ಬೆವರಿಗೆ ಯಾವ ಪೌಡರ್? ಡಬ್ಬದ ಹಿಂಬದಿ ಓದೋಣ

ಮಂಗಳೂರಿನ ಕಡೆ ಹಾಸ್ಟೆಲ್‌ನಲ್ಲಿ ಇರೋರಿಗೆ ಇದು ಗೊತ್ತಿರುತ್ತೆ: ಸ್ನಾನ ಮಾಡಿ ಬಂದ ಹತ್ತೇ ನಿಮಿಷಕ್ಕೆ ಬೆನ್ನು ಮತ್ತೆ ಒದ್ದೆ. ಕಲಬುರಗಿಯ ಗೆಳೆಯ ಮಾತ್ರ "ನಮ್ಮೂರಾಗ ನಲವತ್ತು ಡಿಗ್ರಿ ಇದ್ರೂ ಹಿಂಗಾಗಂಗಿಲ್ಲ" ಅಂತಾನೆ. ಅವನು ಹೇಳೋದು ನಿಜ, ಲೆಕ್ಕ ಹಾಕಿ ನೋಡಬಹುದು.

ಬೆವರು ಆರುವ ವೇಗ ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಅವಲಂಬಿಸಿದೆ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಅದು ಸುಮಾರು 5.6 ಕಿಲೋಪಾಸ್ಕಲ್. ಕರಾವಳಿಯಲ್ಲಿ 30 ಡಿಗ್ರಿ ಸೆಕೆ, 85% ತೇವಾಂಶ ಇದ್ದರೆ ಗಾಳಿಯದು 3.6, ವ್ಯತ್ಯಾಸ 2. ಬಿಸಿಲುನಾಡಿನಲ್ಲಿ 40 ಡಿಗ್ರಿ, 20% ತೇವಾಂಶ ಇದ್ದರೆ ಗಾಳಿಯದು 1.5 ಮಾತ್ರ, ವ್ಯತ್ಯಾಸ 4.1. ಅಂದರೆ ಗಾಳಿಯ ಓಟ ಒಂದೇ ಇದ್ದರೆ ಕರಾವಳಿಯಲ್ಲಿ ಬೆವರು ಅರ್ಧ ವೇಗದಲ್ಲಿ ಆರುತ್ತದೆ. ಯಾವ ಪೌಡರೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಹಾಗಾದರೆ ಪೌಡರ್ ಮಾಡೋದೇನು?

ಸಾಮಾನ್ಯ ಟಾಲ್ಕಂ ಪೌಡರ್‌ನ ಬಹುಪಾಲು ಟಾಲ್ಕ್, Mg3Si4O10(OH)2. ನಮ್ಮ ಬಳಪದ ಕಲ್ಲಿನ ನುಣುಪಿಗೆ ಕಾರಣ ಇದೇ ಖನಿಜ. ಇದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಹಾಗಾಗಿ ಕಂಕುಳು, ತೊಡೆಸಂದಿಯಲ್ಲಿ ಉಜ್ಜಾಟ ಕಡಿಮೆಯಾಗುತ್ತದೆ. ಆದರೆ ಆ ಪದರಗಳ ಮೇಲ್ಮೈಗೆ ನೀರು ಹಿಡಿಯುವುದಿಲ್ಲ. ಒಂದು ಲೋಟ ನೀರಿಗೆ ಚಿಟಿಕೆ ಟಾಲ್ಕಂ ಉದುರಿಸಿ, ತೇಲುತ್ತೆ. ಮೆಕ್ಕೆಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್, ಉದುರಿಸಿ ಕಲಕಿ, ನೀರು ಹಾಲಿನಂತಾಗುತ್ತೆ. ಬೆವರು ಹೀರುವ ಕೆಲಸ ಟಾಲ್ಕ್‌ಗಿಂತ ಪಿಷ್ಟದ್ದು.

ಪೌಡರ್‌ನಲ್ಲಿ ಪಿಷ್ಟ ಇದೆಯೋ ಇಲ್ಲವೋ ರೂಮಲ್ಲೇ ನೋಡಬಹುದು. ಚಿಟಿಕೆ ಪೌಡರ್ ಮೇಲೆ ಗಾಯಕ್ಕೆ ಹಾಕುವ ಪೊವಿಡೋನ್ ಅಯೋಡಿನ್ ಒಂದು ಹನಿ ಬಿಡಿ. ಕಪ್ಪು ನೀಲಿಯಾದರೆ ಪಿಷ್ಟ ಇದೆ. ಕಂದಾಗಿಯೇ ಉಳಿದರೆ ಇಲ್ಲ. ಪರೀಕ್ಷಿಸಿದ ಪುಡಿಯನ್ನು ಎಸೆಯಿರಿ, ಮೈಗೆ ಹಚ್ಚಬೇಡಿ.

ಪ್ರಿಕ್ಲಿ ಹೀಟ್ ಪೌಡರ್‌ನಲ್ಲಿ ಇವೆರಡರ ಜೊತೆ ಔಷಧಿಗಳೂ ಇರುತ್ತವೆ. ಝಿಂಕ್ ಆಕ್ಸೈಡ್ ಚರ್ಮದ ಉರಿಯನ್ನು ತಗ್ಗಿಸುತ್ತದೆ. ಬೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್‌ಗಳು ಸೂಕ್ಷ್ಮಜೀವಿಗಳನ್ನು ಸ್ವಲ್ಪ ಹತ್ತಿಕ್ಕುತ್ತವೆ. ಮೆಂಥಾಲ್‌ನದು ಮಾತ್ರ ಮಜಾ: ಅದು ಚರ್ಮದಲ್ಲಿ ತಂಪನ್ನು ಗುರುತಿಸುವ ನರಗಳನ್ನು ಎಬ್ಬಿಸುತ್ತದೆ ಅಷ್ಟೇ. ಮೈ ತಣ್ಣಗಾಗಿಲ್ಲ, ತಣ್ಣಗಾಯ್ತು ಅನ್ನಿಸುತ್ತೆ. ನವೆಗೆ ಅದೂ ಒಂದು ಸಮಾಧಾನವೇ. ಆದರೆ ಕೆರೆದು ಗಾಯವಾದ ಚರ್ಮಕ್ಕೆ ಇಂಥ ಪೌಡರ್ ಬೇಡ. ಬೋರಿಕ್ ಆಸಿಡ್ ಗಾಯದ ಮೂಲಕ ದೇಹದೊಳಗೆ ಹೋಗುತ್ತದೆ. ಮನೆಯಲ್ಲಿ ಮಗು ಇದ್ದರೆ ಅದಕ್ಕಂತೂ ಹಚ್ಚಲೇಬಾರದು.

ಈಗ ಮುಖ್ಯ ವಿಷಯ. ಒಬ್ಬ ವಿದ್ಯಾರ್ಥಿಗೆ ತೊಡೆಸಂದಿಯಲ್ಲಿ ತುರಿಕೆ ಅಂದುಕೊಳ್ಳಿ. "ಬೆವರುಸಾಲೆ ಕಣೋ" ಅಂತ ರೂಮ್‌ಮೇಟ್ ಪೌಡರ್ ಕೊಡ್ತಾನೆ. ಮೂರು ವಾರ ಹಚ್ಚಿದರೂ ಕಲೆ ದೊಡ್ಡದಾಗ್ತಾ ಹೋಗುತ್ತೆ. ಇಲ್ಲಿ ತಪ್ಪಿದ್ದು ಪೌಡರ್ ಅಲ್ಲ, ಕಾಯಿಲೆಯ ಗುರುತು. ಬೆವರುಸಾಲೆ ಅಂದರೆ ಬೆವರಿನ ನಾಳ ಕಟ್ಟಿಕೊಂಡು, ಬೆವರು ಚರ್ಮದೊಳಗೇ ಸೋರುವುದು. ಬೆನ್ನು, ಕುತ್ತಿಗೆ, ಎದೆಯ ಮೇಲೆ ಸಾಸಿವೆಯಂಥ ಬಿಡಿಬಿಡಿ ಕೆಂಪು ಗುಳ್ಳೆಗಳು, ಚುಚ್ಚಿದ ಹಾಗೆ ನವೆ. ತಂಪು ಜಾಗದಲ್ಲಿದ್ದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹುಳುಕಡ್ಡಿಯೇ ಬೇರೆ, ಅದು ಶಿಲೀಂಧ್ರದ ಸೋಂಕು. ಉಂಗುರದಂಥ ಕಲೆ, ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತದೆ, ನಡುಭಾಗ ತಿಳಿಯಾಗುತ್ತದೆ, ದಿನೇ ದಿನೇ ಹರಡುತ್ತದೆ. ಇದಕ್ಕೆ ಪ್ರಿಕ್ಲಿ ಹೀಟ್ ಪೌಡರ್ ಸಾಲದು. ಶಿಲೀಂಧ್ರನಾಶಕ ಔಷಧಿ ಬೇಕು, ಅದನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ತಂದರೆ ಎರಡು ದಿನ ನವೆ ನಿಲ್ಲುತ್ತೆ, ಆಮೇಲೆ ಸೋಂಕು ಇನ್ನಷ್ಟು ಹಬ್ಬುತ್ತೆ. ಟವೆಲ್, ಒಳಉಡುಪು ಹಂಚಿಕೊಂಡರೆ ಇಡೀ ರೂಮಿಗೆ ಹರಡಬಹುದು.

ಟಾಲ್ಕ್ ಬಗ್ಗೆ ಇನ್ನೊಂದು ಎಚ್ಚರ. ಭೂಮಿಯಲ್ಲಿ ಟಾಲ್ಕ್ ಇರುವಲ್ಲಿ ಆಸ್ಬೆಸ್ಟಾಸ್ ಕೂಡ ಸೇರಿರುವ ಸಾಧ್ಯತೆ ಇದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಟಾಲ್ಕನ್ನು 'ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು' ಎಂಬ ಗುಂಪಿಗೆ ಸೇರಿಸಿತು. ಆದ್ದರಿಂದ ಜನನಾಂಗದ ಭಾಗಕ್ಕೆ ಟಾಲ್ಕ್ ಹಾಕದಿರುವುದು ಒಳ್ಳೆಯದು. ಪಿಷ್ಟವಾಗಲಿ ಟಾಲ್ಕ್ ಆಗಲಿ, ಮುಖದ ಹತ್ತಿರ ಮೋಡ ಏಳುವ ಹಾಗೆ ಕೊಡವಬೇಡಿ. ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ.

ಹಾಗಾದರೆ ಸೆಕೆಗಾಲಕ್ಕೆ ಯಾವುದು? ಉಜ್ಜಾಟಕ್ಕಷ್ಟೇ ಬೇಕಿದ್ದರೆ ಪಿಷ್ಟದ, ಕಡಿಮೆ ಪರಿಮಳದ ಪೌಡರ್ ಸಾಕು. ಬೆವರುಸಾಲೆ ಎದ್ದಿದ್ದರೆ ಝಿಂಕ್ ಆಕ್ಸೈಡ್ ಮತ್ತು ಪಿಷ್ಟ ಇರುವುದನ್ನು ನೋಡಿ ತಗೊಳ್ಳಿ. ಕ್ಯಾಲಮೈನ್ ಲೋಷನ್ ಕೂಡ ಆಗುತ್ತೆ. ಹಚ್ಚುವ ಕ್ರಮ ಇನ್ನೂ ಮುಖ್ಯ. ಮೊದಲು ಮೈ ಒರೆಸಿ, ಐದು ನಿಮಿಷ ಫ್ಯಾನ್ ಕೆಳಗೆ ಆರಿಸಿ, ಆಮೇಲೆ ಅಂಗೈಗೆ ಹಾಕಿಕೊಂಡು ತೆಳುವಾಗಿ ಸವರಿ. ಒದ್ದೆ ಮೈಗೆ ಸುರಿದ ಪಿಷ್ಟ ಅಂಟಾಗಿ ಮಡಿಕೆಗಳಲ್ಲಿ ಗಂಟು ಕಟ್ಟುತ್ತದೆ. ಅಂಥ ಗಂಟು ಕಂಡರೆ ಮೇಲೆ ಇನ್ನಷ್ಟು ಪೌಡರ್ ಹಾಕಬೇಡಿ, ತೊಳೆದು ಒಣಗಿಸಿ.