ಉಕ್ತಲೇಖನದ ಪುಸ್ತಕದಲ್ಲಿ ಎರಡು ಅಂಕ

ಪ್ರೀತಿಯ ತಂಗಿಗೆ,

ನಿನ್ನ ಪತ್ರ ತಲುಪಿತು. ಮೂರನೇ ತರಗತಿಯವರಿಗೆ ಉಕ್ತಲೇಖನ ಕೊಟ್ಟರೆ ಅರ್ಧಕ್ಕರ್ಧ ಮಕ್ಕಳ ಪುಸ್ತಕ ಕೆಂಪಾಗುತ್ತದೆ, ಹತ್ತಕ್ಕೆ ಎರಡು ಅಂಕ ಹಾಕಲು ಕೈ ಬರುವುದಿಲ್ಲ, ಐದು ಹಾಕಿದರೆ ಸುಳ್ಳು ಹೇಳಿದಂತಾಗುತ್ತದೆ ಎಂದು ಬರೆದಿದ್ದೀಯ. ಜೊತೆಗೆ ಒಬ್ಬ ಹುಡುಗ ಬರೆದ ಹಾಳೆಯನ್ನೂ ಇಟ್ಟಿದ್ದೀಯ. ಆ ಹಾಳೆ ಕಳಿಸಿದ್ದು ಒಳ್ಳೆಯದಾಯಿತು. ನಾನು ಹೇಳಬೇಕಾದದ್ದನ್ನೆಲ್ಲ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ನಿನ್ನಂತೆ ಈ ವರ್ಷ ಹೊಸದಾಗಿ ಮೂರನೇ ತರಗತಿ ಹಿಡಿದವರು ಬೇರೆಯವರೂ ಇರುತ್ತಾರಲ್ಲ, ಅವರೂ ಓದಲಿ.

ನೀನು ಕೊಟ್ಟ ವಾಕ್ಯಗಳು ಇವು: ‘ಅಜ್ಜಿ ಬೆಳಿಗ್ಗೆ ಬೇಗ ಎದ್ದಳು. ಹಸುವಿಗೆ ಹುಲ್ಲು ಹಾಕಿದಳು. ಅಂಗಳ ಗುಡಿಸಿ ರಂಗೋಲಿ ಬಿಟ್ಟಳು.’ ಹುಡುಗ ಬರೆದದ್ದು ಇದು: ‘ಅಜಿ ಬೆಳಿಗೆ ಬೆಗ ಎದಳು. ಅಸುವಿಗೆ ಹುಲು ಆಕಿದಳು. ಅಂಗಳ ಗುಡಿಸಿ ರಂಗೊಲಿ ಬಿಟಳು.’

ಇರುವುದು 11 ಪದ. ಪದಕ್ಕೊಂದು ಅಂಕದ ಲೆಕ್ಕದಲ್ಲಿ ಅವನಿಗೆ ಸಿಗುವುದು ಎರಡೇ, ‘ಅಂಗಳ’ ಮತ್ತು ‘ಗುಡಿಸಿ’. ನೀನು ಹಾಗೆಯೇ ಒಂಬತ್ತು ಪದಗಳಿಗೆ ಗುಂಡು ಸುತ್ತಿದ್ದೀಯ. ಈಗ ಅದೇ ಹಾಳೆಯನ್ನು ಅಕ್ಷರಗಳ ಲೆಕ್ಕದಲ್ಲಿ ನೋಡು. ಒತ್ತಕ್ಷರವನ್ನೂ ಗುಣಿತಾಕ್ಷರವನ್ನೂ ಒಂದೊಂದೇ ಅಕ್ಷರವೆಂದು ಎಣಿಸಿದರೆ ಆ ಮೂರು ವಾಕ್ಯಗಳಲ್ಲಿ 32 ಅಕ್ಷರಗಳಿವೆ. ಹುಡುಗ ತಪ್ಪಿರುವುದು ಒಂಬತ್ತರಲ್ಲಿ, ಸರಿ ಬರೆದಿರುವುದು 23. ಅವನಿಗೆ ಎಷ್ಟು ಬರುತ್ತದೆ ಎಂಬುದನ್ನು ಈ 23 ಸರಿಯಾಗಿ ಹೇಳುತ್ತದೆ. ಹನ್ನೊಂದಕ್ಕೆ ಎರಡು ಎಂಬ ಲೆಕ್ಕ ಹೇಳುವುದಿಲ್ಲ, ಯಾಕೆಂದರೆ ‘ಹಾಕಿದಳು’ ಬರೆಯುವಾಗ ಅವನು ಸರಿಯಾಗಿ ಬರೆದ ಮೂರು ಅಕ್ಷರಗಳನ್ನು ಅದು ತಳ್ಳಿಹಾಕುತ್ತದೆ. ಇಲ್ಲಿ ಧಾರಾಳತನದ ಮಾತೇ ಇಲ್ಲ. ಕನ್ನಡದ ಬರವಣಿಗೆ ಅಕ್ಷರ ಅಕ್ಷರವಾಗಿ ಕಟ್ಟಿಕೊಳ್ಳುವಂಥದ್ದು, ಆದ್ದರಿಂದ ಅಳತೆಯೂ ಅಕ್ಷರದ್ದೇ ಆಗಬೇಕು.

ಇನ್ನು ಆ ಒಂಬತ್ತು ತಪ್ಪುಗಳನ್ನು ಬೇರ್ಪಡಿಸು. ಐದು ಒತ್ತಿನವು: ಜ್ಜಿ, ಗ್ಗೆ, ದ್ದ, ಲ್ಲು, ಟ್ಟ. ಒಂದು ಒತ್ತನ್ನೂ ಅವನು ಬರೆದಿಲ್ಲ. ಎರಡು ದೀರ್ಘದವು: ಬೇ, ಗೋ. ಉಳಿದೆರಡು ಹಕಾರದವು. ಒಂಬತ್ತು ತಪ್ಪು ಕಂಡರೂ ಅವನಿಗೆ ಕಲಿಸಬೇಕಾದ ಸಂಗತಿ ಮೂರೇ, ಅದರಲ್ಲಿ ಮೊದಲು ಹಿಡಿಯಬೇಕಾದದ್ದು ಒಂದೇ.

ಹಕಾರದ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ನಿನ್ನ ಶಾಲೆ ಮಂಡ್ಯದ ಕಡೆಯದು. ಆ ಹುಡುಗನ ಮನೆಯಲ್ಲಿ ಹಸುವನ್ನು ‘ಅಸ’ ಎಂದೇ ಕರೆಯುತ್ತಾರೆ, ಹಾಕು ಎನ್ನುವುದು ‘ಆಕು’. ಅವನು ತನ್ನ ಕಿವಿಯನ್ನು ನಂಬಿ ಬರೆದಿದ್ದಾನೆ. ಉಕ್ತಲೇಖನದಲ್ಲಿ ನಾವು ಮಕ್ಕಳಿಂದ ಕೇಳುವುದೂ ಅದನ್ನೇ ಅಲ್ಲವೇ? ‘ಹುಲ್ಲು’ ಬರೆಯುವಾಗ ಹಕಾರ ಸರಿಯಾಗಿ ಹಾಕಿದ್ದಾನೆ, ಅಂದರೆ ಅಕ್ಷರ ಗೊತ್ತಿದೆ, ಎಲ್ಲಿ ಹಾಕಬೇಕೆಂಬುದು ಇನ್ನೂ ಗೊತ್ತಿಲ್ಲ. ಇದನ್ನು ಅಜಾಗರೂಕತೆ ಎಂದು ಬೈಯಬೇಡ, ಮನೆಯ ಮಾತನ್ನು ತಿದ್ದಲೂ ಹೋಗಬೇಡ. ‘ನಾವು ಆಡೋದು ಹೀಗೆ, ಪುಸ್ತಕದಲ್ಲಿ ಬರೆಯೋದು ಹೀಗೆ’ ಎಂದಷ್ಟೇ ಹೇಳಿ, ಹಸು, ಹಾಲು, ಹೂವು, ಹಣ್ಣು, ಹಗ್ಗ ಇಂಥ ದಿನಬಳಕೆಯ ಪದಗಳನ್ನು ಗೋಡೆಗೆ ಹಚ್ಚು. ಇವು ಕಣ್ಣಿನಿಂದ ಕಲಿಯಬೇಕಾದವು.

ಮಹಾಪ್ರಾಣವೂ ಹಾಗೆಯೇ. ನಮ್ಮ ಆಡುಮಾತಿನಲ್ಲಿ ಭೂಮಿಯ ‘ಭ’ಕ್ಕೂ ಬೂದಿಯ ‘ಬ’ಕ್ಕೂ ಅಂತರ ಕೇಳಿಸುವುದು ಕಡಿಮೆ. ನೀನು ಎದೆಯುಬ್ಬಿಸಿ ‘ಭ’ ಎಂದರೆ ಆ ಹೊತ್ತಿಗೆ ಸರಿ ಬರೆದಾರು, ಮರುದಿನ ತಾವಾಗಿ ಬರೆಯುವಾಗ ಮತ್ತೆ ‘ಬ’. ಅದಕ್ಕೇ ದಸರಾ ರಜೆಯವರೆಗೂ ಮಹಾಪ್ರಾಣವಿಲ್ಲದ ವಾಕ್ಯಗಳನ್ನೇ ಆರಿಸು. ನೀನು ಕೊಟ್ಟ ಮೂರು ವಾಕ್ಯಗಳಲ್ಲಿ ಒಂದೂ ಮಹಾಪ್ರಾಣವಿಲ್ಲ. ತಿಳಿದು ಮಾಡಿದ್ದೋ ತಾನಾಗಿ ಬಂದದ್ದೋ, ಅಂಥವೇ ಬೇಕು.

ವಾರದ ಕ್ರಮ ಹೀಗಿರಲಿ. ಸೋಮವಾರ ಮಕ್ಕಳು ಮೊದಲೇ ನೋಡಿರದ ಮೂರು ವಾಕ್ಯ, ಹತ್ತು ಹನ್ನೆರಡು ಪದ, ಅದಕ್ಕಿಂತ ಹೆಚ್ಚು ಬೇಡ. ಮಂಗಳವಾರ, ಬುಧವಾರ ಹತ್ತು ಹತ್ತು ನಿಮಿಷ, ಸೋಮವಾರ ಅತಿ ಹೆಚ್ಚು ಮಕ್ಕಳು ತಪ್ಪಿದ ಒಂದೇ ಒಂದು ಸಂಗತಿಯ ಅಭ್ಯಾಸ. ಗುರುವಾರ ಸೋಮವಾರದ ಅದೇ ವಾಕ್ಯಗಳು ಮತ್ತೊಮ್ಮೆ. ನಿನ್ನದು ನಲಿ-ಕಲಿ ಕೊಠಡಿ, ಒಂದು ಎರಡರ ಮಕ್ಕಳೂ ಅಲ್ಲೇ ಇರುತ್ತಾರೆ. ಬೆಳಗಿನ ಹೊತ್ತು ಅವರು ಕಾರ್ಡು ಹಿಡಿದು ಕೂತಾಗ ಮೂರನೆಯವರನ್ನು ಒಂದು ಮೂಲೆಗೆ ಕರೆದುಕೊಂಡರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಮಾತ್ರ ಬೇಡ.

ಹೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ಮೊದಲು ಮೂರೂ ವಾಕ್ಯಗಳನ್ನು ಕತೆ ಹೇಳಿದಂತೆ ಒಮ್ಮೆ ಓದು, ಆಗ ಯಾರ ಕೈಯಲ್ಲೂ ಪೆನ್ಸಿಲ್ ಬೇಡ. ಆಮೇಲೆ ಎರಡು ಮೂರು ಪದದ ತುಂಡುಗಳಾಗಿ ಹೇಳು. ‘ಹಸುವಿಗೆ ಹುಲ್ಲು’ ಎಂದು ನೀನು ಹೇಳಿದ್ದನ್ನು ಮಕ್ಕಳು ಬಾಯಲ್ಲಿ ಒಮ್ಮೆ ಅಂದು, ನಂತರ ಬರೆಯಲಿ. ಇನ್ನೊಮ್ಮೆ ಮಾತ್ರ ಹೇಳು. ‘ಜ್... ಜಿ’ ಎಂದು ಎಳೆಯುವುದು, ‘ಜಕ್ಕೆ ಜ ಒತ್ತು ಕೊಡಿ’ ಎಂದು ಬಿಡಿಸುವುದು ಎರಡೂ ಬೇಡ. ಹಾಗೆ ಮಾಡಿದರೆ ಆ ಅಕ್ಷರವನ್ನು ನೀನೇ ಬರೆದುಕೊಟ್ಟಂತಾಯಿತು, ಅವರ ಅಂಕ ಏರಿದರೂ ಅದಕ್ಕೆ ಅರ್ಥವಿಲ್ಲ. ಕೊನೆಗೆ ಪೂರ್ತಿ ಇನ್ನೊಮ್ಮೆ ಓದು, ಅವರು ಬೆರಳಿಟ್ಟು ನೋಡಿಕೊಳ್ಳಲಿ. ಪುಸ್ತಕದಲ್ಲಿ ಒಂದು ಗೆರೆ ಬಿಟ್ಟು ಒಂದರಲ್ಲಿ ಬರೆಸು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು. ಜಾಗವಿಲ್ಲವೆಂದೇ ಒತ್ತು ಬಿಡುವ ಮಕ್ಕಳಿದ್ದಾರೆ. ರಬ್ಬರ್ ಮುಟ್ಟಬಾರದು. ಅಳಿಸಿದರೆ ಅವರು ಹೇಗೆ ಯೋಚಿಸಿದರೆಂಬುದು ನಿನಗೆ ಸಿಗುವುದಿಲ್ಲ.

ಬರೆದಾದ ಮೇಲೆ ಬೋರ್ಡಿನ ಮೇಲೆ ನೀನು ವಾಕ್ಯ ಬರೆ. ಮಕ್ಕಳು ತಮ್ಮದನ್ನು ತಾವೇ ಅಕ್ಷರ ಅಕ್ಷರ ಹೋಲಿಸಿ, ತಪ್ಪಾದ ಪದವನ್ನು ಬಿಟ್ಟ ಗೆರೆಯಲ್ಲಿ ಸರಿಯಾಗಿ ಬರೆಯಲಿ. ಸರಿಯಾದ ರೂಪ ಪುಸ್ತಕದಲ್ಲಿ ಇರಲೇಬೇಕು, ಅದರಲ್ಲಿ ರಿಯಾಯಿತಿ ಬೇಡ. ಆಮೇಲೆ ನೀನು ಪುಸ್ತಕ ತೆಗೆದುಕೊಂಡು ಎಣಿಸು. ಬಿಟ್ಟ ಅಕ್ಷರವೂ ತಪ್ಪು, ಇಲ್ಲದ್ದನ್ನು ಸೇರಿಸಿದ್ದರೆ ಅದೂ ಒಂದು ತಪ್ಪು. ‘ಬೆಳಗ್ಗೆ’ ಎಂದು ಬರೆದಿದ್ದರೆ ಸರಿಯೆಂದೇ ತೆಗೆದುಕೋ, ಎರಡೂ ರೂಪ ಬಳಕೆಯಲ್ಲಿವೆ.

ಪುಟದ ಕೆಳಗೆ ಎರಡು ಅಂಕ ಹಾಕು. ಒಂದು, ಇವತ್ತು ಎಲ್ಲಿದ್ದಾನೆ ಎಂಬುದು: 23/32. ಇನ್ನೊಂದು ಮುನ್ನಡೆ. ನಿನ್ನ ಹುಡುಗ ಗುರುವಾರ ನಾಲ್ಕು ಒತ್ತು ಸರಿ ಬರೆದು, ಉಳಿದದ್ದು ಹಾಗೇ ಇದ್ದರೆ 27/32 ಆಗುತ್ತದೆ. ಪಕ್ಕದಲ್ಲಿ ‘ಮುನ್ನಡೆ 4’ ಎಂದು ಬರೆ. ಶಹಬ್ಬಾಸ್, ನಕ್ಷತ್ರ, ಚಪ್ಪಾಳೆ ಏನಿದ್ದರೂ ಈ ಎರಡನೆಯದಕ್ಕೆ. ಎರಡನ್ನೂ ಕೂಡಿಸಿ ಒಂದು ಅಂಕ ಮಾಡಬೇಡ. ಹೆಡ್‌ಮಾಸ್ಟರು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ಮೊದಲನೆಯದನ್ನೇ ಇಳಿಸಿ ಕೊಡು, ಸೋಮವಾರದ್ದಾದರೆ ಏಳು. ನಿನ್ನನ್ನು ಕಾಡುತ್ತಿದ್ದ ಸುಳ್ಳಿನ ಸಂಕಟ ಇಲ್ಲಿ ಇರುವುದಿಲ್ಲ.

ಮಂಗಳವಾರ ಬುಧವಾರದ ಅಭ್ಯಾಸಕ್ಕೆ ಒತ್ತಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು ಅರ್ಥ ಬರುವ ಜೋಡಿಗಳನ್ನು ತೆಗೆದುಕೋ: ಕತೆ–ಕತ್ತೆ, ಬಳಿ–ಬಳ್ಳಿ, ಎಲೆ–ಎಲ್ಲೆ. ನೀನು ಒಂದು ಹೇಳು, ಮಕ್ಕಳು ಯಾವುದೆಂದು ಕೈ ತೋರಿಸಲಿ. ಮೊದಲು ಕಿವಿಯಲ್ಲಿ ಬೇರೆಯಾಗಬೇಕು, ಆಮೇಲೆ ಕೈಯಲ್ಲಿ. ದೀರ್ಘದ ಸರದಿ ಬಂದಾಗ ಬೆಳೆ–ಬೇಳೆ, ಕೊಡು–ಕೋಡು.

ಒಂದು ಕಡೆ ಮಾತ್ರ ಎಚ್ಚರವಾಗಿರು. ಗುರುವಾರದ ಮುನ್ನಡೆಯಲ್ಲಿ ಬಾಯಿಪಾಠದ ಪಾಲೂ ಇರುತ್ತದೆ. ನಿಜವಾಗಿ ಕಲಿತರೋ ಇಲ್ಲವೋ ತಿಳಿಯುವುದು ಮುಂದಿನ ಸೋಮವಾರ. ಅವತ್ತಿನ ಹೊಸ ವಾಕ್ಯಗಳಲ್ಲಿ ಅದೇ ಸಂಗತಿ ಬೇರೆ ಪದಗಳಲ್ಲಿ ಬರಲಿ: ‘ಹಳ್ಳದ ಪಕ್ಕ ಹೊಲ. ಅಪ್ಪ ಹೊಲದಲ್ಲಿ ಕಳೆ ಕಿತ್ತರು. ಅಣ್ಣ ಬುತ್ತಿ ತಂದ.’ ಇದರಲ್ಲಿ ಏಳು ಒತ್ತುಗಳಿವೆ. ಮೊದಲ ಸೋಮವಾರ ಐದರಲ್ಲಿ ಒಂದೂ ಬರೆಯದವನು ಈಗ ಏಳರಲ್ಲಿ ಐದು ಬರೆದರೆ ಒತ್ತು ಅವನ ಕೈಗೆ ಬಂದಿದೆ, ದೀರ್ಘಕ್ಕೆ ಹೋಗಬಹುದು. ಒಂದೋ ಎರಡೋ ಬರೆದರೆ ಹಿಂದಿನ ವಾರ ಅವನು ಕಲಿತದ್ದು ಅಜ್ಜಿಯ ವಾಕ್ಯವನ್ನು. ಆಗ ಇನ್ನೊಂದು ವಾರ ಒತ್ತೇ. ಹೊಸ ವಾಕ್ಯದ ಒಟ್ಟು ಅಂಕವನ್ನು ಹಳೆಯದರ ಜೊತೆ ಹೋಲಿಸಬೇಡ, ವಾಕ್ಯ ಬೇರೆ, ಕಷ್ಟ ಬೇರೆ. ಒತ್ತಿಗೆ ಒತ್ತನ್ನೇ ಹೋಲಿಸು.

ಮೊದಲ ದಿನವೇ 31 ಬರೆಯುವ ಹುಡುಗಿಯರಿರುತ್ತಾರೆ. ಅವರಿಗೆ ಮುನ್ನಡೆಯಲು ಜಾಗವೇ ಇಲ್ಲ, ಎರಡೇ ವಾರದಲ್ಲಿ ಬೇಸತ್ತುಹೋಗುತ್ತಾರೆ. ಅವರಿಗೆ ನಾಲ್ಕನೆಯ ವಾಕ್ಯವೊಂದಿರಲಿ, ಪುಸ್ತಕ, ಸೂರ್ಯ, ಅಕ್ಷರದಂಥ ಪದಗಳಿರುವುದು. ಬೇರೆ ವ್ಯಂಜನದ ಒತ್ತು, ಅರ್ಕಾವತ್ತು ಅಲ್ಲಿ ಬರಲಿ. ಅವರ ಮುನ್ನಡೆಯನ್ನು ಆ ವಾಕ್ಯದಲ್ಲಿ ಎಣಿಸು.

ಇನ್ನೊಂದು ತುದಿಯಲ್ಲಿ, ನಾಲ್ಕೈದು ವಾರವಾದರೂ ಒಂದಿಷ್ಟೂ ಅಲುಗಾಡದ ಮಗುವಿದ್ದರೆ ಎರಡು ಪರೀಕ್ಷೆ ಮಾಡು. ಅದೇ ವಾಕ್ಯವನ್ನು ಬೋರ್ಡು ನೋಡಿ ಬರೆಯಲು ಹೇಳು. ನೋಡಿ ಬರೆಯುವುದೂ ತಪ್ಪಿದರೆ ಅಕ್ಷರದ ರೂಪ ಕೂತಿಲ್ಲ, ಇಲ್ಲವೇ ಕಣ್ಣು ಕಾಣಿಸುತ್ತಿಲ್ಲ. ಮುಂದಿನ ಸಾಲಿಗೆ ಕರೆದು ಇನ್ನೊಮ್ಮೆ ನೋಡು. ನೋಡಿ ಬರೆಯುವುದು ಸರಿಯಿದ್ದರೆ, ಒಂದು ತುಂಡನ್ನು ಬೆನ್ನ ಹಿಂದೆ ನಿಂತು ಹೇಳಿ, ತಿರುಗಿ ಹೇಳಿಸು. ಹೇಳಲಾಗದಿದ್ದರೆ ಮನೆಯವರನ್ನು ಕರೆಸಿ ಕಿವಿ ತೋರಿಸಲು ಹೇಳು. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಕ್ಕಳಿಗೆ ಇದೇ ಕ್ರಮ ಸಾಕಾಗುವುದಿಲ್ಲ. ವಾಕ್ಯದ ಅರ್ಥ ಮೊದಲೇ ಮಾತಾಡಿ ಮುಗಿಸಿ, ಒಂದೇ ವಾಕ್ಯದಿಂದ ಶುರುಮಾಡು.

ಅಪ್ಪ ಅಮ್ಮಂದಿರು ‘ಏನ್ ಮಿಸ್, ಇಷ್ಟು ತಪ್ಪಿದ್ರೂ ಗುಡ್ ಬರ್ದಿದೀರ’ ಎಂದು ಕೇಳೇ ಕೇಳುತ್ತಾರೆ. ವಾದ ಮಾಡಬೇಡ, ಮೊದಲ ಸೋಮವಾರದ ಪುಟವನ್ನೂ ಇವತ್ತಿನ ಪುಟವನ್ನೂ ಪಕ್ಕಪಕ್ಕ ಬಿಚ್ಚಿ ತೋರಿಸು. ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ಕೂರಿಸುವುದು, ಹೆಸರು ಓದುವುದು ಬೇಡ.

ವರ್ಷದ ಕೊನೆಗೆ ಈ ಪುಸ್ತಕಗಳನ್ನು ರದ್ದಿಗೆ ಹಾಕಬೇಡ. ನಾಲ್ಕನೇ ತರಗತಿಗೆ ಹೋದರೆ ನಲಿ-ಕಲಿಯ ಕಾರ್ಡುಗಳು ಇರುವುದಿಲ್ಲ, ಪಾಠಪುಸ್ತಕ ಹಿಡಿದು ಕೂರಬೇಕು, ಮೇಷ್ಟರೂ ಬೇರೆ. ಪ್ರತಿ ಪುಸ್ತಕದ ಹಿಂದಿನ ಪುಟದಲ್ಲಿ ಎರಡು ಸಾಲು ಬರೆದು ಆ ಮೇಷ್ಟರ ಕೈಗೆ ಕೊಡು: ‘ಸಜಾತಿ ಒತ್ತು ಬರುತ್ತದೆ, ದೀರ್ಘ ಹೆಚ್ಚಿನಂಶ ಬರುತ್ತದೆ. ಹಕಾರ ಮತ್ತು ಮಹಾಪ್ರಾಣ ಇನ್ನೂ ಆಗಬೇಕು.’ ಸದ್ಯಕ್ಕೆ ಮುಂದಿನ ಎರಡು ಸೋಮವಾರಗಳ ಹಾಳೆಗಳನ್ನು ನನಗೆ ಕಳಿಸು, ಆ ಹುಡುಗನದೂ ಇನ್ನು ನಾಲ್ಕೈದು ಮಕ್ಕಳದೂ. ಒತ್ತು ಮುಂದುವರಿಸಬೇಕೋ ದೀರ್ಘಕ್ಕೆ ಹೋಗಬೇಕೋ ಅವನ್ನು ನೋಡಿ ಹೇಳುತ್ತೇನೆ.

ಇತಿ,
ನಿನ್ನ ಅಕ್ಕ
(ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ)